ಹಲಸೂರಿನ ಪುಟ್ಟ ಬುಟೀಕ್‌ಗೆ ಒಂದು ಕರೆಯೋಲೆ, ಒಂದು ಪೋಸ್ಟರ್

ನನ್ನ ತಂಗಿ ಹಲಸೂರಿನ ಒಂದು ಅಡ್ಡರಸ್ತೆಯಲ್ಲಿ ಪುಟ್ಟ ಬಟ್ಟೆ ಅಂಗಡಿ ಹಾಕಿದ್ದಾಳೆ. 10 ಅಡಿ ಅಗಲ, 16 ಅಡಿ ಉದ್ದ. ಅಬಾಯ, ಚೂಡಿದಾರ್ ಪೀಸ್, ಸ್ಕಾರ್ಫ್, ಹಿಂದುಗಡೆ ಎರಡು ಹೊಲಿಗೆ ಯಂತ್ರ. ಎಂಟು ವರ್ಷ ಮನೆಯಲ್ಲೇ ಹೊಲಿದು ಕೂಡಿಟ್ಟ ದುಡ್ಡು ಮುಂಗಡಕ್ಕೂ ಕಪಾಟಿಗೂ ಹೋಯಿತು. ಉಳಿದದ್ದರಲ್ಲಿ ಶಿವಾಜಿನಗರದಿಂದಲೂ ಚಿಕ್ಕಪೇಟೆಯಿಂದಲೂ ಮಾಲು ತಂದಾಗಿತ್ತು. ಪ್ರಚಾರಕ್ಕೆ ಅಂತ ಉಳಿದದ್ದು ಬಹಳ ಸ್ವಲ್ಪ. ಆ ಸ್ವಲ್ಪದಲ್ಲಿ ಮೊದಲ ಕಂತು ಹಾಳಾಗಿ ಹೋಯಿತು ಅಂತ ಅವಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅತ್ತಾಗ ಈ ವಿಷಯಕ್ಕೆ ನಾನು ತಲೆ ಹಾಕಿದ್ದು.

ಆದದ್ದು ಇಷ್ಟು. ಒಂದು ಡಿಟಿಪಿ ಅಂಗಡಿಯಲ್ಲಿ 300 ಪೋಸ್ಟರ್ ಮಾಡಿಸಿದ್ದಳು. ಮನೆಗೆ ತಂದು ಬಿಡಿಸಿ ನೋಡಿದರೆ ಮೇಲಿನ ದೊಡ್ಡ ಅಕ್ಷರದಲ್ಲೇ 'ವಸ್ತ್ರ' ಅನ್ನುವ ಪದ ಒಡೆದು 'ವಸ್‌ತ್‌ರ' ಅಂತ ಕೂತಿತ್ತು. ಕೆಳಗಿದ್ದ ಒಂದು ಸಾಲು ಉರ್ದುವಿನ ಅಕ್ಷರಗಳು ಒಂದಕ್ಕೊಂದು ಸೇರದೆ ಬಿಡಿಬಿಡಿಯಾಗಿ, ಅದೂ ಹಿಂದುಮುಂದಾಗಿ ಬಿದ್ದಿದ್ದವು. ಸಮಯದ ಜಾಗದಲ್ಲಿ 'ಅಸರ್ ನಮಾಝಿನ ಬಳಿಕ' ಅಂತ ಮಾತ್ರ ಇತ್ತು. ಮೊದಲ ಎರಡು ತಪ್ಪು ಕಣ್ಣಿಗೆ ಬಿದ್ದವು. ಮೂರನೆಯದು ತಪ್ಪು ಅಂತ ಅವಳಿಗೂ ಅನ್ನಿಸಿರಲಿಲ್ಲ, ನನಗೂ ಮೊದಲು ಅನ್ನಿಸಲಿಲ್ಲ. ನಿಜವಾಗಿ ಜನರನ್ನು ಕಳೆದುಕೊಳ್ಳುವಂಥ ತಪ್ಪು ಅದೇ ಆಗಿತ್ತು.

ಒಂದೇ ಕಾಗದದಲ್ಲಿ ಎರಡು ಕೆಲಸ

ಆ ಕಾಗದವನ್ನು ಮೇಜಿನ ಮೇಲೆ ಹರಡಿ ಓದಿದಾಗ ನನಗೆ ಕಂಡದ್ದು, ಅದು ಪೋಸ್ಟರೂ ಅಲ್ಲ, ಕರೆಯೋಲೆಯೂ ಅಲ್ಲ. ಮೇಲೆ ಬಿಸ್ಮಿಲ್ಲಾ, ಅದರ ಕೆಳಗೆ 'ಅಲ್ಲಾಹನ ಅಪಾರ ಕೃಪೆಯಿಂದ ನೂತನವಾಗಿ ಶುಭಾರಂಭಗೊಳ್ಳಲಿರುವ ನಮ್ಮ ಸಂಸ್ಥೆಯ ಪ್ರಾರಂಭೋತ್ಸವ ಸಮಾರಂಭಕ್ಕೆ ತಾವು ಕುಟುಂಬ ಸಮೇತರಾಗಿ' ಅಂತ ನಾಲ್ಕು ಸಾಲಿನ ಒಂದೇ ವಾಕ್ಯ. ಆಮೇಲೆ ಹದಿನಾಲ್ಕು ಅತಿಥಿಗಳ ಹೆಸರು. ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ಸಣ್ಣದಾಗಿ, ಅಂಗಡಿಯಲ್ಲಿ ಏನು ಸಿಗುತ್ತದೆ ಅನ್ನುವ ವಿಷಯ.

ಕರೆಯೋಲೆ ಓದುವವರು ನಮ್ಮನ್ನು ಬಲ್ಲವರು. ಮಂಗಳೂರಿನ ಮಾಮಿ, ಬಿ.ಸಿ. ರೋಡಿನ ಚಿಕ್ಕಪ್ಪ, ಕೆ.ಆರ್. ಪುರದಲ್ಲಿ ಬೇಕರಿ ಇಟ್ಟುಕೊಂಡಿರುವ ಸಂಬಂಧಿಕರು, ತಂಗಿ ಇಷ್ಟು ವರ್ಷ ಹೊಲಿದು ಕೊಟ್ಟ ಮನೆಗಳವರು. ಅವರಿಗೆ ಗೊತ್ತಾಗಬೇಕಾದದ್ದು ಯಾರು ಕರೆಯುತ್ತಿದ್ದಾರೆ, ಯಾವ ದಿನ, ಎಷ್ಟು ಹೊತ್ತಿಗೆ, ಬರುವುದು ಹೇಗೆ ಅಂತ. ಪೋಸ್ಟರ್ ಓದುವವರು ದಾರಿಹೋಕರು. ಅವರಿಗೆ ನಾವು ಯಾರೋ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಇಲ್ಲಿ ಹೆಣ್ಣುಮಕ್ಕಳ ಬಟ್ಟೆ ಸಿಗುತ್ತದೆ, ಹೊಲಿದೂ ಕೊಡುತ್ತಾರೆ, ಅಂಗಡಿ ಈ ತಿರುವಿನಲ್ಲಿದೆ ಅಂತ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ತಲೆಗೆ ಹೋಗಬೇಕು. ಮದುವೆ ಕಾಗದದ ಭಾಷೆಯನ್ನು ಗಾಜಿಗೆ ಅಂಟಿಸಿದರೆ ನಿಂತು ಓದುವವರು ಯಾರೂ ಇಲ್ಲ ಮಾರಾಯ್ರೆ.

ಹಾಗಾಗಿ ಎರಡನ್ನೂ ಬೇರೆ ಬೇರೆ ಮಾಡಿದೆವು. ಕರೆಯೋಲೆಯನ್ನು ಅಚ್ಚು ಹಾಕಿಸುವುದನ್ನೇ ಬಿಟ್ಟೆವು. ಅದು ವಾಟ್ಸ್ಆ್ಯಪ್‌ನಲ್ಲಿ ಹೋಗಲಿ, ಆದರೆ ಚಿತ್ರವಾಗಿ ಅಲ್ಲ, ಟೈಪ್ ಮಾಡಿದ ಅಕ್ಷರವಾಗಿಯೇ ಹೋಗಲಿ ಅಂತ ತೀರ್ಮಾನ. ಇದಕ್ಕೆ ಕಾರಣ ಉಂಟು. ಚಿತ್ರವಾಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಟೈಪ್ ಮಾಡಿದ್ದಾದರೆ ವಯಸ್ಸಾದವರು ತಮ್ಮ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು. ನಂಬರು ಒತ್ತಿದರೆ ಕರೆ ಹೋಗುತ್ತದೆ, ಲೊಕೇಶನ್ ಒತ್ತಿದರೆ ದಾರಿ ತೆರೆಯುತ್ತದೆ. ಎರಡು ವಾರದ ನಂತರ 'ಹಲಸೂರು' ಅಂತ ಹುಡುಕಿದರೂ ಮೆಸೇಜು ಸಿಗುತ್ತದೆ, ಚಿತ್ರದೊಳಗಿನ ಅಕ್ಷರ ಹಾಗೆ ಸಿಗುವುದಿಲ್ಲ.

ಅಸರ್ ಯಾರದ್ದು?

ಈಗ ಆ ಸಮಯದ ವಿಷಯ. ನಾವು ಬ್ಯಾರಿಗಳು ಹೆಚ್ಚಿನವರು ಶಾಫಿ ಮದ್ಹಬಿನವರು. ಶಿವಾಜಿನಗರ, ಹಲಸೂರು ಕಡೆಯ ಹೆಚ್ಚಿನ ಮಸೀದಿಗಳು ಹನಫಿ. ಅಸರ್ ಸಮಯ ಇಬ್ಬರಿಗೂ ಒಂದೇ ಅಲ್ಲ. ನಡುಹಗಲಿನಲ್ಲಿದ್ದ ನೆರಳಿನ ಮೇಲೆ ವಸ್ತುವಿನ ಒಂದು ಪಟ್ಟು ನೆರಳು ಬೆಳೆದಾಗ ಶಾಫಿಗಳಿಗೆ ಅಸರ್ ಆಗುತ್ತದೆ. ಎರಡು ಪಟ್ಟು ಬೆಳೆದಾಗ ಹನಫಿಗಳಿಗೆ. ಬೆಂಗಳೂರಿನಲ್ಲಿ ಈ ಅಂತರ ಚಳಿಗಾಲದಲ್ಲಿ ಸುಮಾರು 50 ನಿಮಿಷ, ಬೇಸಿಗೆಯಲ್ಲಿ ಒಂದು ಗಂಟೆಗೂ ಹೆಚ್ಚು.

ತಂಗಿ ಗೊತ್ತುಮಾಡಿದ್ದ ದಿನ 2026ರ ಜನವರಿ 18, ಭಾನುವಾರ. ಅಂದು ಬೆಂಗಳೂರಿನಲ್ಲಿ ಶಾಫಿ ಲೆಕ್ಕದ ಅಸರ್ ಸುಮಾರು 3.45ಕ್ಕೆ, ಹನಫಿ ಲೆಕ್ಕದ್ದು ಸುಮಾರು 4.35ಕ್ಕೆ. ಹನಫಿ ಮಸೀದಿಗಳಲ್ಲಿ ಜಮಾಅತ್ ಮುಗಿಯುವಾಗ ಐದು ಗಂಟೆಯ ಹತ್ತಿರವಾಗುತ್ತದೆ. 'ಅಸರ್ ಬಳಿಕ' ಅಂತ ಓದಿದ ನಮ್ಮವರು ನಾಲ್ಕಕ್ಕೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ದುಆ ಮಾಡಿಸಲು ಒಪ್ಪಿದ್ದ ಅಲ್ಲಿಯ ಇಮಾಮ್ ಸಾಹೇಬರು ಐದು ದಾಟಿದ ಮೇಲೆ ಬರುತ್ತಿದ್ದರು. ನಡುವಿನ ಒಂದು ಗಂಟೆ ಆ ಗೂಡಿನಂಥ ಅಂಗಡಿಯೊಳಗೆ ಅಷ್ಟು ಜನ ಏನು ಮಾಡುವುದು? ಅಂದು ಮಗ್ರಿಬ್ ಸುಮಾರು 6.15ಕ್ಕೆ. ಹಾಗಾಗಿ 'ಸಂಜೆ 5.15ಕ್ಕೆ ದುಆ' ಅಂತ ಗಡಿಯಾರದ ಸಮಯವನ್ನೇ ಬರೆದೆವು. ಇಬ್ಬರ ಅಸರೂ ಮುಗಿದಿರುತ್ತದೆ, ಮಗ್ರಿಬಿಗೆ ಒಂದು ಗಂಟೆ ಕೈಯಲ್ಲಿರುತ್ತದೆ.

ತಾರೀಕಿನಲ್ಲಿಯೂ ಇದೇ ತಕರಾರು. ಕರೆಯೋಲೆಯಲ್ಲಿ ಹಿಜರಿ ತಾರೀಕು ಹಾಕಿದರೆ ಚಂದ ಅಂತ ಉಮ್ಮನಿಗೆ ಆಸೆ. ಆದರೆ ಕರಾವಳಿಯ ನಾವು ಕೇರಳ ಕರಾವಳಿಯ ಚಂದ್ರದರ್ಶನದ ಜೊತೆ ಹೋಗುವುದು ಹೆಚ್ಚು. ಬೆಂಗಳೂರಿನದ್ದು ಬೇರೆ. 2024ರಲ್ಲಿ ನಮ್ಮೂರಲ್ಲಿ ಏಪ್ರಿಲ್ 10ಕ್ಕೆ ಪೆರ್ನಾಲ್, ಬೆಂಗಳೂರಿನಲ್ಲಿ 11ಕ್ಕೆ. ಹೀಗಿರುವಾಗ ಹಿಜರಿ ತಾರೀಕು ಒಂದನ್ನೇ ನಂಬಿಕೊಂಡರೆ ಮಂಗಳೂರಿನವರು ಒಂದು ದಿನ ಮೊದಲೇ ಬಸ್ಸು ಹತ್ತಬಹುದು. ಅದರ ಮೇಲೆ ಹಿಜರಿ ದಿನ ಶುರುವಾಗುವುದೇ ಮಗ್ರಿಬಿನಿಂದ. ಆದ್ದರಿಂದ ಇಂಗ್ಲಿಷ್ ತಾರೀಕು, ಪಕ್ಕದಲ್ಲಿ ವಾರ. ವಾರ ಬರೆಯುವುದರಲ್ಲಿ ಇನ್ನೊಂದು ಲಾಭವಿದೆ. ತಾರೀಕು ತಪ್ಪಾಗಿ ಅಚ್ಚಾದರೆ ವಾರಕ್ಕೆ ಹೊಂದುವುದಿಲ್ಲ, ಓದುವವರು ಫೋನ್ ಮಾಡಿ ಕೇಳುತ್ತಾರೆ.

ಜನವರಿ 18ನ್ನೇ ಯಾಕೆ ಆರಿಸಿದಳು ಅಂದರೆ ಅದು ಹೊಲಿಗೆಯವರ ಲೆಕ್ಕ. ಈ ವರ್ಷ ರಮಳಾನ್ ಶುರುವಾಗುವುದು ಫೆಬ್ರವರಿ ಮೂರನೇ ವಾರದಲ್ಲಿ. ಪೆರ್ನಾಲ್ ಬಟ್ಟೆಯ ಹೊಲಿಗೆ ಆರ್ಡರನ್ನು ರಮಳಾನ್ ಅರ್ಧಕ್ಕೆ ನಿಲ್ಲಿಸದಿದ್ದರೆ ಎರಡು ಯಂತ್ರದಲ್ಲಿ ಮುಗಿಯುವುದಿಲ್ಲ. ಒಂದು ತಿಂಗಳು ಮೊದಲೇ ಬಾಗಿಲು ತೆರೆದರೆ ಬಂದವರಿಗೆ ಒಂದು ಜೊತೆ ಹೊಲಿದು ಕೊಟ್ಟು, ಅಳತೆ ಸರಿಯಾಯಿತೋ ಅಂತ ಅವರು ನೋಡಿ, ಎರಡನೇ ಸಲ ಪೆರ್ನಾಲಿಗೆ ಕೊಡುವಷ್ಟು ಸಮಯ ಸಿಗುತ್ತದೆ. ರಮಳಾನಿನ ಹೊಸ್ತಿಲಲ್ಲೇ ತೆರೆದರೆ ನಂಬಿಕೆ ಹುಟ್ಟುವ ಮೊದಲೇ ಗಡಿಬಿಡಿ ಶುರುವಾಗುತ್ತದೆ.

ಕರೆಯೋಲೆ ಹೀಗೆ ಆಯಿತು

ಪಟ್ಟಿ ಮಾಡಿದಾಗ ಕರೆಯಬೇಕಾದವರು 120 ಜನ ಆದರು. ಕಪಾಟು, ಮೇಜು, ಯಂತ್ರ ಬಿಟ್ಟು ಅಂಗಡಿಯೊಳಗೆ ನಿಲ್ಲಬಹುದಾದವರು ಇಪ್ಪತ್ತು ಜನ. ಎಲ್ಲರನ್ನೂ 5.15ಕ್ಕೆ ಕರೆದರೆ ನೂರು ಜನ ರಸ್ತೆಯಲ್ಲಿ. ಅಕ್ಕಪಕ್ಕದ ಅಂಗಡಿಯವರ ಜೊತೆ ಮೊದಲ ದಿನವೇ ಮನಸ್ತಾಪ. ಹೆಂಗಸರಿಗೂ ಆ ಗದ್ದಲದಲ್ಲಿ ಬಟ್ಟೆ ಬಿಡಿಸಿ ನೋಡಲು ಆಗುವುದಿಲ್ಲ. ಅದಕ್ಕೆ ಕರೆಯೋಲೆಯಲ್ಲಿಯೇ ಹೊತ್ತನ್ನು ಹಂಚಿದೆವು. ಕೊನೆಗೆ ನಿಂತ ಪಠ್ಯ ಇದು:

'ಅಸ್ಸಲಾಮು ಅಲೈಕುಂ. ನಾನು ಇಷ್ಟು ವರ್ಷ ಮನೆಯಲ್ಲಿ ಮಾಡುತ್ತಿದ್ದ ಹೊಲಿಗೆ ಕೆಲಸ ಇನ್ನು ಮುಂದೆ ಹಲಸೂರಿನ ಸ್ವಂತ ಅಂಗಡಿಯಲ್ಲಿ ನಡೆಯಲಿದೆ, ಇನ್ಶಾ ಅಲ್ಲಾಹ್. ಅಂಗಡಿ ತೆರೆಯುವುದು 2026 ಜನವರಿ 18, ಭಾನುವಾರ. ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಹೆಣ್ಣುಮಕ್ಕಳಿಗೆ ಮಾತ್ರ. ಬಿಡುವಾಗಿ ನೋಡಬಹುದು, ಅಳತೆಯೂ ಕೊಡಬಹುದು. ಸಂಜೆ 5.15ಕ್ಕೆ ದುಆ, ನಂತರ ಚಹಾ. ರಾತ್ರಿ 8ರವರೆಗೆ ಅಂಗಡಿ ತೆರೆದಿರುತ್ತದೆ. ನಿಮಗೆ ಅನುಕೂಲವಾದ ಹೊತ್ತಿಗೆ ಮನೆಯವರೊಂದಿಗೆ ಬನ್ನಿ, ದುಆ ಮಾಡಿ. ಊರಿಂದ ಬರುವವರು ಮೆಜೆಸ್ಟಿಕ್‌ನಲ್ಲಿ ವೈಟ್‌ಫೀಲ್ಡ್ ಕಡೆಗೆ ಹೋಗುವ ನೇರಳೆ ಮಾರ್ಗದ ಮೆಟ್ರೋ ಹತ್ತಿ ಹಲಸೂರಿನಲ್ಲಿ ಇಳಿಯಿರಿ, ಅಲ್ಲಿಂದ ಆರು ನಿಮಿಷದ ನಡಿಗೆ. ಉಡುಗೊರೆ ದಯವಿಟ್ಟು ಬೇಡ.'

ಇದರ ಕೆಳಗೆ ಅಂಗಡಿಯ ಹೆಸರು, ವಿಳಾಸ, ನಂಬರು, ಲೊಕೇಶನ್. ಅತಿಥಿಗಳ ಹೆಸರು ಒಂದೂ ಇಲ್ಲ. ಇದಕ್ಕೆ ತಮ್ಮ ಸ್ವಲ್ಪ ಬೇಸರ ಮಾಡಿಕೊಂಡ. ಹದಿನಾಲ್ಕು ಹೆಸರು ಹಾಕಿದರೆ ಹದಿನೈದನೆಯವರು ಸಿಟ್ಟಾಗುತ್ತಾರೆ, ಒಂದೂ ಹಾಕದಿದ್ದರೆ ಯಾರೂ ಆಗುವುದಿಲ್ಲ ಅಂತ ಉಮ್ಮ ಹೇಳಿದ ಮೇಲೆ ಸುಮ್ಮನಾದ. 'ಉಡುಗೊರೆ ಬೇಡ' ಅನ್ನುವ ಸಾಲು ತಂಗಿಯದ್ದು. ಗಡಿಯಾರ, ಹೂಗುಚ್ಛ ಇಡಲು ಜಾಗವಿಲ್ಲ ಅನ್ನುವುದು ಒಂದು. ಉಡುಗೊರೆ ಕೊಟ್ಟವರು ಆ ದಿನ ಏನೂ ಕೊಳ್ಳದೆ ಹೋಗುತ್ತಾರೆ ಅನ್ನುವುದು ಇನ್ನೊಂದು. ವ್ಯಾಪಾರದ ಬುದ್ಧಿ ಅವಳಿಗೆ ನನಗಿಂತ ಚೆನ್ನಾಗಿದೆ.

ನಂಬರಿನ ಬಗ್ಗೆ ಒಂದು ಮಾತು. ಮೊದಲ ಪೋಸ್ಟರಿನಲ್ಲಿ ಅವಳ ಸ್ವಂತ ನಂಬರೇ ಇತ್ತು. ಬೀದಿಯ ಗಾಜಿನ ಮೇಲೆ ಹೆಣ್ಣುಮಗಳ ನಂಬರು ಹೋದರೆ ಅಪರಾತ್ರಿಯಲ್ಲಿ ಬೇಡದ ಕರೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಸ ಸಿಮ್ ತಗೊಂಡು, ಅದರಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿ, ಆ ಫೋನನ್ನು ರಾತ್ರಿ ಅಂಗಡಿಯಲ್ಲೇ ಬಿಟ್ಟು ಬರುವುದು ಅಂತ ಆಯಿತು. ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಮೆಸೇಜು ಬಂದರೆ 'ಬೆಳಗ್ಗೆ 11ಕ್ಕೆ ಉತ್ತರಿಸುತ್ತೇವೆ' ಅಂತ ತಾನಾಗಿಯೇ ಹೋಗುವ ವ್ಯವಸ್ಥೆ ಅದರಲ್ಲಿದೆ.

ಗಾಜಿನ ಮೇಲಿನ ಹಾಳೆ

ಪೋಸ್ಟರಿಗೆ ಎ3 ಹಾಳೆ ಆರಿಸಿದೆವು, ಸುಮಾರು 30 ಸೆಂಟಿಮೀಟರ್ ಅಗಲ, 42 ಎತ್ತರ. ಹತ್ತು ಅಡಿ ದೂರದಿಂದ ನಡೆಯುತ್ತಾ ಓದಬೇಕಾದರೆ ಮುಖ್ಯ ಸಾಲಿನ ಅಕ್ಷರ ಒಂದು ಇಂಚಾದರೂ ಎತ್ತರ ಇರಬೇಕು. ಆ ಗಾತ್ರದಲ್ಲಿ ಈ ಅಗಲಕ್ಕೆ ಹಿಡಿಸುವುದು ಹತ್ತು ಹನ್ನೊಂದು ಕನ್ನಡ ಅಕ್ಷರ ಮಾತ್ರ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಸಾಲುಗಳ ನಡುವೆಯೂ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಬಿಡದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಈ ಎಲ್ಲ ಇಕ್ಕಟ್ಟಿನಲ್ಲಿ 'ಪ್ರಾರಂಭೋತ್ಸವ ಸಮಾರಂಭ'ಕ್ಕೆ ಜಾಗ ಎಲ್ಲಿ? ಮುಖ್ಯ ಸಾಲು 'ಹೆಣ್ಣುಮಕ್ಕಳ ಉಡುಪು' ಅಂತಾಯಿತು. ಅದರ ಕೆಳಗೆ ಸ್ವಲ್ಪ ಸಣ್ಣದಾಗಿ 'ಅಬಾಯ, ಚೂಡಿದಾರ್, ಹೊಲಿಗೆ', ಮತ್ತೆ ಅಂಗಡಿಯ ಹೆಸರು, 'ಜನವರಿ 18ರಿಂದ', ಕೊನೆಗೆ ದಾರಿ. ಅದೇ ಮಾತು ಇಂಗ್ಲಿಷಿನಲ್ಲಿ ಕೆಳಗೆ ಸಣ್ಣದಾಗಿ. ಹಲಸೂರಿನಲ್ಲಿ ತಮಿಳು ಮಾತಾಡುವ ಮನೆಗಳು ಬಹಳ, ಆದರೆ ಅಲ್ಲಿಯ ಹೆಂಗಸರು ಕನ್ನಡವನ್ನೋ ಇಂಗ್ಲಿಷನ್ನೋ ಓದಿಕೊಳ್ಳುತ್ತಾರೆ ಅಂತ ತಂಗಿಯ ಅನುಭವ. ಶಿವಾಜಿನಗರದಲ್ಲಿ ಹಾಕುವ ಹಾಳೆಗಳಿಗೆ ಮಾತ್ರ ಒಂದು ಸಾಲು ಉರ್ದು.

'ಬುಟೀಕ್' ಅನ್ನುವ ಪದಕ್ಕೂ ಜಗಳವಾಯಿತು. ಬೋರ್ಡಿನವನು 'ಬೊಟಿಕ್' ಅಂತ ಬರೆದಿದ್ದ, ಪೋಸ್ಟರಿನವನು 'ಬೂಟಿಕ್', ತಮ್ಮ ಗೂಗಲ್ ಮ್ಯಾಪ್‌ಗೆ ಹಾಕಿದ್ದು 'ಬುಟೀಕ್'. ಬೀದಿಯಲ್ಲಿ ನೋಡುವವರಿಗೆ ಇದು ಸಣ್ಣ ವಿಷಯ. ಫೋನಿನಲ್ಲಿ ಹುಡುಕುವವರಿಗೆ ಮೂರು ಬೇರೆ ಅಂಗಡಿಗಳಂತೆ ಕಾಣಬಹುದು. ಮೂರನ್ನೂ 'ಬುಟೀಕ್' ಮಾಡಿದೆವು. ಬೋರ್ಡನ್ನು ಹೇಗೂ ಇನ್ನೊಮ್ಮೆ ಬರೆಸಬೇಕಿತ್ತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅವನು ಇಂಗ್ಲಿಷನ್ನು ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದ.

ಚಿತ್ರದ ವಿಷಯದಲ್ಲಿ ಡಿಟಿಪಿಯವರು ಇಂಟರ್‌ನೆಟ್ಟಿನಿಂದ ತೆಗೆದ ಒಬ್ಬ ಮಾಡೆಲ್ ಹುಡುಗಿಯ ಫೋಟೋ ಹಾಕಿದ್ದರು. ಬೇರೆಯವರ ಫೋಟೋ ಕೇಳದೆ ಹಾಕುವುದು ತಪ್ಪು ಅನ್ನುವುದು ಹಾಗಿರಲಿ, ಆ ಹುಡುಗಿ ಹಾಕಿದ್ದ ಅಬಾಯ ನಮ್ಮ ಅಂಗಡಿಯಲ್ಲಿ ಇರಲೇ ಇಲ್ಲ! ಅದನ್ನು ನೋಡಿ ಬಂದವರಿಗೆ ಏನು ತೋರಿಸುವುದು? ಅಂಗಡಿಯ ಒಂದು ಕಪ್ಪು ಅಬಾಯವನ್ನು ಹ್ಯಾಂಗರಿಗೆ ತೂಗಿಸಿ, ಬಾಗಿಲ ಬೆಳಕಿನಲ್ಲಿ, ತೋಳಿನ ಕಸೂತಿ ಕಾಣುವಂತೆ ಫೋನಿನಲ್ಲೇ ಫೋಟೋ ತೆಗೆದೆವು. ಕಪ್ಪು ಬಟ್ಟೆಗೆ ಬಿಳಿ ಗೋಡೆ ಹಿಂದೆ ಇಟ್ಟರೆ ಬಟ್ಟೆ ಬರೀ ಕಪ್ಪು ಮುದ್ದೆಯಾಗಿ ಬರುತ್ತದೆ. ತಿಳಿ ಕಂದು ಪರದೆ ಹಿಂದೆ ಹಾಕಿದಾಗ ನೆರಿಗೆ ಕಂಡಿತು.

ಬಿಸ್ಮಿಲ್ಲಾವನ್ನು ಪೋಸ್ಟರಿನಿಂದ ತೆಗೆದೆವು. ಇದಕ್ಕೆ ಉಮ್ಮ ಮೊದಲು ಒಪ್ಪಲಿಲ್ಲ. ಹಾಳೆ ಗಾಜಿನಿಂದ ಕಿತ್ತುಬಂದು ಚರಂಡಿ ಬದಿಯಲ್ಲಿ ಬಿದ್ದರೆ ಅಂತ ಕೇಳಿದಾಗ ಅವರೇ 'ತೆಗೀರಿ ತೆಗೀರಿ' ಅಂದರು. ಅದನ್ನು ಅಂಗಡಿಯ ಒಳಗೆ, ಎತ್ತರದಲ್ಲಿ, ಫ್ರೇಮ್ ಹಾಕಿಸಿ ಇಟ್ಟಿದ್ದೇವೆ.

ಮೊದಲ ಪೋಸ್ಟರಿನಲ್ಲಿ '50% ವರೆಗೆ ರಿಯಾಯಿತಿ*' ಅಂತಲೂ ಇತ್ತು. ಆ ನಕ್ಷತ್ರದ ವಿವರ ಕೆಳಗೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಅರ್ಧ ಬೆಲೆಗೆ ಅವಳು ಕೊಡಬಹುದಾಗಿದ್ದದ್ದು ಆರು ಹಳೇ ಸ್ಕಾರ್ಫ್ ಮಾತ್ರ. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ತಂದ ಮಾರ್ಗಸೂಚಿ ಇದೆ. ಕಡಿಮೆ ಬೆಲೆ ಹೇಳಿ ಕರೆಯುವವರ ಬಳಿ ಆ ಮಾಲು ಸಾಕಷ್ಟು ಇರಬೇಕು ಅನ್ನುತ್ತದೆ ಅದು. ಷರತ್ತಿನ ಸಾಲು ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ ಇರಬೇಕು ಅಂತಲೂ ಹೇಳುತ್ತದೆ. ಸಣ್ಣ ಅಂಗಡಿಗೆ ಯಾರು ಬಂದು ಕೇಳುತ್ತಾರೆ ಅಂತ ತಮ್ಮನ ವಾದ. ಪ್ರಾಧಿಕಾರ ಕೇಳದಿದ್ದರೂ ಬಾಗಿಲಿಗೆ ಬಂದ ಹೆಂಗಸು ಕೇಳುತ್ತಾಳಲ್ಲ! ಕೊನೆಗೆ ಬರೆದದ್ದು 'ಇಲ್ಲಿ ಬಟ್ಟೆ ಕೊಂಡವರಿಗೆ ಹೊಲಿಗೆಯಲ್ಲಿ 100 ರೂಪಾಯಿ ಕಡಿಮೆ, ಜನವರಿ 18ರಿಂದ 25ರವರೆಗೆ'. ನಕ್ಷತ್ರವೇ ಬೇಕಾಗಲಿಲ್ಲ.

ಒತ್ತಕ್ಷರ ಒಡೆಯುವುದು ಯಾಕೆ

ಅಚ್ಚಿನ ತಪ್ಪಿಗೆ ಡಿಟಿಪಿಯ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾವು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಕನ್ನಡ ಯುನಿಕೋಡ್. ವಿನ್ಯಾಸ ಮಾಡುವ ಹಳೆಯ ತಂತ್ರಾಂಶಗಳಿಗೆ, ಅಥವಾ ಭಾರತೀಯ ಲಿಪಿಗಳ ವ್ಯವಸ್ಥೆಯನ್ನು ಚಾಲೂ ಮಾಡದೆ ಬಿಟ್ಟ ಹೊಸದಕ್ಕೂ, ಸ-ತ-ರ ಮೂರು ಸೇರಿ ಒಂದಾಗಬೇಕು ಅನ್ನುವುದು ತಿಳಿಯುವುದಿಲ್ಲ, ಬಿಡಿಬಿಡಿಯಾಗಿ ಇಡುತ್ತವೆ. ಉರ್ದು ಒಡೆದದ್ದಕ್ಕೂ ಇದೇ ಕಾರಣ. ಬಲದಿಂದ ಎಡಕ್ಕೆ ಹೋಗಬೇಕು, ಅಕ್ಷರ ಕೂಡಬೇಕು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅನೇಕ ಡಿಟಿಪಿಯವರು ಇಂದಿಗೂ ಹಳೇ ನುಡಿ ಫಾಂಟಿನಲ್ಲಿಯೇ ಟೈಪ್ ಮಾಡುವುದು ಇದಕ್ಕೇ. ಅದರಲ್ಲಿ ಅಕ್ಷರ ಒಡೆಯುವುದಿಲ್ಲ. ಆದರೆ ಆ ಪಠ್ಯವನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಹಾಗಾಗಿ ಕರೆಯೋಲೆಗೆ ಯುನಿಕೋಡ್, ಪೋಸ್ಟರಿಗೆ ಅವರ ಬಳಿ ಸರಿಬರುವುದು ಯಾವುದೋ ಅದು. ಎರಡು ಸಲ ಟೈಪ್ ಮಾಡುವ ಕಷ್ಟ ಇದ್ದೇ ಇದೆ.

ಪರೀಕ್ಷೆಗೆ ನಾವು ಕಂಡುಕೊಂಡ ದಾರಿ ಸುಲಭದ್ದು. ಪರದೆಯ ಮೇಲೆ ನೋಡಿ ಒಪ್ಪಬೇಡಿ. ಒಂದೇ ಒಂದು ಹಾಳೆ ಮುದ್ರಿಸಿ ಕೊಡಲು ಹೇಳಿ, ಅದಕ್ಕೆ ಬೇರೆ ದುಡ್ಡು ಕೊಟ್ಟರೂ ಪರವಾಗಿಲ್ಲ. ಪರದೆಯಲ್ಲಿ ಸರಿ ಇದ್ದದ್ದು ಇನ್ನೊಂದು ಕಂಪ್ಯೂಟರಿಗೆ ಹೋದಾಗ ಫಾಂಟ್ ಇಲ್ಲದೆ ಒಡೆಯುವುದುಂಟು. ಕಳಿಸುವ ಮೊದಲು ಅಕ್ಷರಗಳನ್ನು ಚಿತ್ರರೇಖೆಯಾಗಿ ಬದಲಾಯಿಸಲು ಹೇಳಿದರೆ ಆ ಭಯವಿಲ್ಲ, ಆದರೆ ಆಮೇಲೆ ತಿದ್ದಲು ಬರುವುದಿಲ್ಲ. ಆ ಒಂದು ಹಾಳೆಯನ್ನು ಕನ್ನಡ ಓದುವ ಮಗುವಿನ ಕೈಯಲ್ಲಿ ಗಟ್ಟಿಯಾಗಿ ಓದಿಸಿದೆವು. ದೊಡ್ಡವರು ಅರ್ಥ ಊಹಿಸಿಕೊಂಡು ತಪ್ಪನ್ನು ದಾಟಿ ಹೋಗುತ್ತಾರೆ, ನಾಲ್ಕನೇ ಕ್ಲಾಸಿನ ಮಗು ಇದ್ದದ್ದನ್ನೇ ಓದುತ್ತದೆ. ಉರ್ದು ಸಾಲನ್ನು ಮದ್ರಸದ ಒಬ್ಬ ಹುಡುಗ ಓದಿದ. ಫೋನ್ ನಂಬರನ್ನು ಹಾಳೆ ನೋಡಿಯೇ ಒತ್ತಿ ಕರೆ ಮಾಡಿದೆವು. ಕ್ಯೂಆರ್ ಚಿತ್ರವನ್ನು ಗಾಜಿಗೆ ಹಿಡಿದು ಒಂದು ಮೀಟರ್ ದೂರದಿಂದ ಸ್ಕ್ಯಾನ್ ಮಾಡಿದರೆ ತೆರೆಯಲಿಲ್ಲ. ದೂರದ ಹತ್ತನೇ ಒಂದು ಭಾಗದಷ್ಟಾದರೂ ಅದರ ಅಗಲ ಇರಬೇಕಂತೆ. ಒಂದು ಮೀಟರಿಗೆ 10 ಸೆಂಟಿಮೀಟರ್. ನಮ್ಮದು ನಾಲ್ಕು ಇತ್ತು. ದೊಡ್ಡದು ಮಾಡಿದ ಮೇಲೆ ತೆರೆಯಿತು, ಆದರೆ ಮ್ಯಾಪಿನ ಗುರುತು ಮುಖ್ಯರಸ್ತೆಯ ಬ್ಯಾಂಕಿನ ಮುಂದೆ ನಿಂತಿತ್ತು. ಅಂಗಡಿಯ ಬಾಗಿಲಲ್ಲೇ ನಿಂತು ಲೊಕೇಶನ್ ಹೊಸದಾಗಿ ತೆಗೆಯಬೇಕಾಯಿತು.

ಎರಡನೇ ಸಲ 300 ಅಲ್ಲ, 40 ಹಾಳೆ ಮಾತ್ರ ಹಾಕಿಸಿದೆವು. ಯಾಕೆಂದರೆ ಅಂಟಿಸಲು ಜಾಗ ಅಷ್ಟೇ. ಕಂಬಕ್ಕೆ, ಕಾಂಪೌಂಡಿಗೆ, ಮೆಟ್ರೋ ಪಿಲ್ಲರಿಗೆ ಅಂಟಿಸುವಂತಿಲ್ಲ. ಬಹಿರಂಗ ಸ್ಥಳಗಳ ವಿರೂಪ ತಡೆಯುವ 1981ರ ಕರ್ನಾಟಕದ ಕಾಯ್ದೆಯಲ್ಲಿ ಅದು ಅಪರಾಧ. ಫ್ಲೆಕ್ಸಿನ ಮಾತಂತೂ ಬೇಡ, 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಪಾಲಿಕೆಯವರು ಬೀದಿ ಬೀದಿಯಲ್ಲಿ ಕಿತ್ತದ್ದು ನೆನಪಿರಬಹುದು. ಪೋಸ್ಟರಿನ ಕೆಳಗೆ ಅಂಗಡಿಯ ವಿಳಾಸ ನಾವೇ ಬರೆದಿರುತ್ತೇವೆ, ಹಿಡಿಯುವವರಿಗೆ ಹುಡುಕುವ ಕೆಲಸವೂ ಇರುವುದಿಲ್ಲ. ಆದ್ದರಿಂದ ಕೇಳಿ ಅಂಟಿಸುವುದು. ನಮ್ಮವರ ಬೇಕರಿ, ಜ್ಯೂಸ್ ಅಂಗಡಿಗಳು ಕೆ.ಆರ್. ಪುರದಿಂದ ಇಂದಿರಾನಗರದವರೆಗೆ ಇವೆ. ಅವುಗಳ ಗಾಜಿನ ಒಳಬದಿಯಲ್ಲಿ, ಒಂದೆರಡು ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ, ಎರಡು ಲೇಡೀಸ್ ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ. ಒಳಬದಿಯಿಂದ ಅಂಟಿಸಿದರೆ ಮಳೆಗೆ ನೆನೆಯುವುದಿಲ್ಲ, ಯಾರೂ ಕೀಳುವುದಿಲ್ಲ. 26ನೇ ತಾರೀಕು ನಾವೇ ಹೋಗಿ ತೆಗೆಯುತ್ತೇವೆ ಅಂತ ಹೇಳಿ ಅಂಟಿಸಿದ್ದರಿಂದ ಯಾರೂ ಬೇಡ ಅನ್ನಲಿಲ್ಲ.

ತೆರೆದ ದಿನ ಬಂದವರನ್ನೆಲ್ಲ ತಂಗಿ ಒಂದೇ ಪ್ರಶ್ನೆ ಕೇಳಿ ಪುಸ್ತಕದಲ್ಲಿ ಗೀಟು ಹಾಕಿಕೊಂಡಳು, 'ಹೇಗೆ ಗೊತ್ತಾಯಿತು?' ಅಂತ. ಕರೆಯೋಲೆ ನೋಡಿ ಬಂದವರು ಎಂಬತ್ತರ ಮೇಲೆ, ಚಹಾ ಕುಡಿದು ಹರಸಿ ಹೋದರು, ಕೊಂಡವರು ಕಡಿಮೆ. ಪೋಸ್ಟರ್ ನೋಡಿ ಬಂದವರು ಹನ್ನೊಂದು ಹೆಂಗಸರು. ಒಂಬತ್ತು ಜನ ಅಳತೆ ಕೊಟ್ಟು ಹೋದರು. ಅದರಲ್ಲಿ ಏಳು ಜನ ಹಾಸ್ಟೆಲಿನ ನೋಟಿಸ್ ಬೋರ್ಡಿನಿಂದ ಬಂದವರು. ಬೇಕರಿಯ ಗಾಜಿನಿಂದ ಬಂದದ್ದು ನಾಲ್ಕೇ ಜನ, ಅಲ್ಲಿ ನಿಂತು ಚಹಾ ಕುಡಿಯುವವರು ಗಂಡಸರೇ ಹೆಚ್ಚು ಅನ್ನುವುದು ನಮಗೆ ಹೊಳೆದಿರಲಿಲ್ಲ. ಉಳಿದಿದ್ದ ಎಂಟು ಹಾಳೆಗಳನ್ನು ಮರುದಿನವೇ ಇನ್ನೂ ಮೂರು ಹಾಸ್ಟೆಲಿಗೆ, ಒಂದು ನರ್ಸಿಂಗ್ ಕಾಲೇಜಿಗೆ ಕೇಳಿ ಅಂಟಿಸಿ ಬಂದಳು. ಮೊದಲ ಸಲ ಹಾಳಾದ 300 ಹಾಳೆಗಳ ಹಿಂಬದಿ ಬಿಳಿ ಇದೆ. ಬಿಸ್ಮಿಲ್ಲಾ ಇದ್ದ ತುದಿಯನ್ನು ಕತ್ತರಿಸಿ ಬೇರೆ ತೆಗೆದಿಟ್ಟು, ಉಳಿದದ್ದರಲ್ಲಿ ಈಗ ಅಬಾಯದ ಪ್ಯಾಟರ್ನ್ ಕತ್ತರಿಸುತ್ತಿದ್ದಾಳೆ.